ಸಹ್ರಿಯಲ್ಲಿ ತಪ್ಪಿದ ಮಾತ್ರೆ

ನಮ್ಮ ಎರಡನೆಯ ಮಗನಿಗೆ ಹನ್ನೆರಡನೆಯ ವಯಸ್ಸಿನಲ್ಲಿ ಅಪಸ್ಮಾರ ಕಾಣಿಸಿಕೊಂಡಿತು. ಜನರು ಮೂರ್ಛೆ ರೋಗವೆಂದೂ ಫಿಟ್ಸ್ ಎಂದೂ ಕರೆಯುವ ಕಾಯಿಲೆ ಇದೇ. ಮಂಗಳೂರಿನ ನರರೋಗ ತಜ್ಞರೊಬ್ಬರು ಪರೀಕ್ಷೆಗಳನ್ನು ಮಾಡಿಸಿ ಲೆವೆಟಿರಾಸೆಟಮ್ ಎಂಬ ಮಾತ್ರೆಯನ್ನು ಬರೆದುಕೊಟ್ಟರು. 500 ಮಿಲಿಗ್ರಾಮಿನ ಮಾತ್ರೆ, ಬೆಳಿಗ್ಗೆ 7 ಗಂಟೆಗೆ ಒಂದು, ಸಂಜೆ 7 ಗಂಟೆಗೆ ಒಂದು. ಮೊದಲ ಒಂದು ವರ್ಷ ಆಗೊಮ್ಮೆ ಈಗೊಮ್ಮೆ ಸೆಳೆತ ಬರುತ್ತಿತ್ತು. ಬಳಿಕ ಅದು ನಿಂತಿತು. ಎರಡೂವರೆ ವರ್ಷ ಒಂದೇ ಒಂದು ಸಲವೂ ಬರಲಿಲ್ಲ. ಹೀಗೆಯೇ ಮುಂದುವರಿದರೆ ಪಿಯುಸಿ ಮುಗಿಯುವ ಹೊತ್ತಿಗೆ ಮಾತ್ರೆಯನ್ನು ನಿಧಾನವಾಗಿ ಕಡಿಮೆ ಮಾಡಿ ನಿಲ್ಲಿಸುವ ಬಗ್ಗೆ ಯೋಚಿಸಬಹುದೆಂದು ವೈದ್ಯರು ಹೇಳಿದ್ದರು.

ಎರಡೂವರೆ ವರ್ಷದ ನೆಮ್ಮದಿ ಮನುಷ್ಯನಿಗೆ ಮರೆವನ್ನು ಕಲಿಸುತ್ತದೆ. ನಮಗೂ ಕಲಿಸಿತು. ಆ ಮರೆವಿನ ಬೆಲೆಯನ್ನು ನಮ್ಮ ಮಗ ತೆತ್ತನು. ಮನೆಯಲ್ಲಿ ಇಂತಹ ಮಾತ್ರೆ ಸೇವಿಸುವವರು ಇರುವ ಸಹೋದರ ಸಹೋದರಿಯರಿಗೆ ಉಪಯೋಗವಾದೀತೆಂಬ ಭಾವನೆಯಿಂದ ಅದನ್ನು ಇಲ್ಲಿ ಬರೆಯುತ್ತಿದ್ದೇವೆ.

ಅದು ರಮಝಾನ್ ತಿಂಗಳು. ಮಗನಿಗೆ ಆಗ ಹದಿನಾರು ವರ್ಷ. ಉಪವಾಸ ಹಿಡಿಯುತ್ತೇನೆಂದು ಹಠ ಮಾಡಿದನು. ನಮಗೂ ಸಂತೋಷವಾಯಿತು. ವೈದ್ಯರನ್ನು ಕೇಳಬೇಕಿತ್ತು, ಕೇಳಲಿಲ್ಲ. ಬೆಳಗಿನ ಮಾತ್ರೆಯನ್ನು ಸಹ್ರಿಗೆ, ಸಂಜೆಯ ಮಾತ್ರೆಯನ್ನು ಇಫ್ತಾರಿಗೆ ಎಂದು ನಾವೇ ಬದಲಾಯಿಸಿಕೊಂಡೆವು. ಸಹ್ರಿಯ ಮಾತ್ರೆ ಬೆಳಗಿನ ಜಾವ 5ಕ್ಕೆ, ಇಫ್ತಾರಿನದ್ದು ಸಂಜೆ ಸುಮಾರು 6.45ಕ್ಕೆ. ಹನ್ನೆರಡು ಗಂಟೆಯ ಅಂತರವಿರಬೇಕಾದ ಕಡೆ ಹಗಲಿಗೆ ಹದಿನಾಲ್ಕು ಗಂಟೆಯ ಹತ್ತಿರ, ರಾತ್ರಿಗೆ ಹತ್ತು ಗಂಟೆ ಎಂದಾಯಿತು. ಒಂಬತ್ತು ದಿನ ಏನೂ ಆಗಲಿಲ್ಲ. ಏನೂ ಆಗಲಿಲ್ಲವೆಂಬುದನ್ನೇ ನಾವು ಸರಿಯಾಗಿದೆಯೆಂಬುದಕ್ಕೆ ಸಾಕ್ಷಿಯೆಂದು ತಿಳಿದೆವು.

ಹತ್ತನೆಯ ದಿನ, ಗುರುವಾರ, ನಮ್ಮ ಅಕ್ಕನ ಮನೆಯಲ್ಲಿ ಇಫ್ತಾರ್ ಇತ್ತು. ಮಾತ್ರೆಯ ಸ್ಟ್ರಿಪ್ ನಮ್ಮ ಮನೆಯ ಫ್ರಿಜ್ಜಿನ ಮೇಲೆಯೇ ಉಳಿಯಿತು. ಮನೆಯಾಕೆ ನಾವು ತಂದಿದ್ದೇವೆಂದು ತಿಳಿದಿದ್ದರು, ನಾವು ಆಕೆ ಕೊಟ್ಟಿರುತ್ತಾರೆಂದು ತಿಳಿದೆವು. ಮಗನು ಸೋದರ ಸಂಬಂಧಿಗಳ ಜೊತೆ ಆಟದಲ್ಲಿ ಮರೆತನು. ತರಾವೀಹ್ ಮುಗಿಸಿ, ಮಾತಾಡಿ, ಮನೆಗೆ ಬಂದು ಮಲಗುವಾಗ ರಾತ್ರಿ ಹನ್ನೆರಡೂವರೆ. ಸಹ್ರಿಗೆ ಎಚ್ಚರವಾಗಲಿಲ್ಲ. ಕಣ್ಣು ಬಿಟ್ಟಾಗ ಸುಬ್‌ಹ್‌ನ ಅದಾನ್ ಆಗಿ ಮುಗಿದಿತ್ತು.

ವುದೂ ಮಾಡುತ್ತಿದ್ದ ನಮ್ಮ ಹತ್ತಿರ ಮಗ ಬಂದು ನಿಂತನು.

“ಉಪ್ಪಾ, ನಿನ್ನೆ ರಾತ್ರಿಯ ಮಾತ್ರೆಯೂ ತಪ್ಪಿದೆ. ಈಗ ನುಂಗಿದರೆ ಉಪವಾಸ ಹೋಗ್ತದಾ?”

“ಅದಾನ್ ಆಯಿತಲ್ಲ ಮಗಾ. ಇನ್ನು ಇಫ್ತಾರಿಗೆ ತೆಗೆದುಕೋ. ಒಂದು ದಿನಕ್ಕೆ ಏನೂ ಆಗುವುದಿಲ್ಲ.”

ಇದು ನಾವು ಹೇಳಿದ ಮಾತು. ಮದ್ರಸದಲ್ಲಿ ಮಕ್ಕಳಿಗೆ ರೋಗಿಯ ಉಪವಾಸದ ರಿಯಾಯಿತಿಯನ್ನು ಪ್ರತಿ ವರ್ಷ ಪಾಠ ಮಾಡುವ ನಾವು, ನಮ್ಮ ಮನೆಯ ರೋಗಿಯನ್ನು ರೋಗಿಯೆಂದು ಪರಿಗಣಿಸಲೇ ಇಲ್ಲ. ಅವನು ಓಡಾಡುತ್ತಿದ್ದನು, ನಗುತ್ತಿದ್ದನು, ಜ್ವರವಿರಲಿಲ್ಲ. ಆರೋಗ್ಯವಂತನೆಂದೇ ಕಂಡನು. ಅವನ ಆರೋಗ್ಯ ಆ ಮಾತ್ರೆಯ ಮೇಲೆಯೇ ನಿಂತಿತ್ತೆಂಬುದು ಹೊಳೆಯಲಿಲ್ಲ.

ಬೆಳಿಗ್ಗೆ ಒಂಬತ್ತೂವರೆಗೆ ಅವನು ಜಗಲಿಯಲ್ಲಿ ಪುಸ್ತಕ ಹಿಡಿದು ಕುಳಿತಿದ್ದನು. ವಿಚಿತ್ರವಾದ ಒಂದು ಕೂಗು ಕೇಳಿಸಿತು. ನಾವು ಹೊರಗೆ ಬರುವಷ್ಟರಲ್ಲಿ ಮೆಟ್ಟಿಲ ಮೇಲೆ ಬಿದ್ದಿದ್ದನು. ಹಣೆ ಒಡೆದು ರಕ್ತ ಬರುತ್ತಿತ್ತು, ಕೈಕಾಲು ಸೆಟೆದು ಅದುರುತ್ತಿದ್ದವು, ಬಾಯಲ್ಲಿ ನೊರೆ. ನೆರೆಯವರು ಓಡಿ ಬಂದರು. ಒಬ್ಬರು ಬೀಗದ ಕೈ ತಂದು ಅವನ ಮುಷ್ಟಿಯೊಳಗೆ ತುರುಕಲು ನೋಡಿದರು. ಇನ್ನೊಬ್ಬರು ಹಲ್ಲಿನ ನಡುವೆ ಚಮಚ ಇಡಿ ಎಂದರು. ನಾವು ಅದಕ್ಕಿಂತಲೂ ದೊಡ್ಡ ತಪ್ಪು ಮಾಡಲು ಹೊರಟಿದ್ದೆವು. ಒಳಗೆ ಓಡಿ ಮಾತ್ರೆಯನ್ನೂ ನೀರಿನ ಲೋಟವನ್ನೂ ತಂದು ಅವನ ಬಾಯಿಗೆ ಹಾಕಲು ಬಗ್ಗಿದೆವು. ಮನೆಯಾಕೆ ನಮ್ಮ ಕೈ ಹಿಡಿದರು. ಉಸಿರಿನ ಕೊಳವೆಗೆ ಹೋಗಿಬಿಡುತ್ತದೆ, ಬೇಡ ಎಂದರು. ಮೊದಲ ವರ್ಷದಲ್ಲಿ ಆಸ್ಪತ್ರೆಯ ನರ್ಸ್ ಹೇಳಿಕೊಟ್ಟದ್ದು ಆಕೆಗೆ ನೆನಪಿತ್ತು. ಮಗನನ್ನು ಎಡ ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ತಮ್ಮ ಶಾಲನ್ನು ಮಡಚಿ ಇಟ್ಟು, ಗಡಿಯಾರ ನೋಡಿ ಎಂದರು.

ಮೂರು ನಿಮಿಷಕ್ಕೆ ಸೆಳೆತ ನಿಂತಿತು. ಐದು ನಿಮಿಷ ದಾಟಿದ್ದರೆ, ಅಥವಾ ಒಂದು ಸೆಳೆತ ನಿಂತು ಪ್ರಜ್ಞೆ ಬರುವ ಮೊದಲೇ ಇನ್ನೊಂದು ಶುರುವಾಗಿದ್ದರೆ 108ಕ್ಕೆ ಕರೆ ಮಾಡಬೇಕೆಂಬುದು ಆಕೆಗೆ ಗೊತ್ತಿತ್ತು. ಅವನು ಅರ್ಧ ಗಂಟೆ ಮಂಪರಿನಲ್ಲಿದ್ದನು. ಹಣೆಗೆ ಹೊಲಿಗೆ ಬೇಕಾಗಿದ್ದುದರಿಂದ ಆಟೋ ಹಿಡಿದು ಆಸ್ಪತ್ರೆಗೆ ಹೊರಟೆವು. ಹೊರಡುವಾಗ ಒಬ್ಬ ಹಿರಿಯರು ಬಳಿ ಬಂದು ಪಿಸುಗುಟ್ಟಿದರು: “ಉಸ್ತಾದರೇ, ಇದು ಡಾಕ್ಟರರಿಂದ ಆಗುವಂಥದ್ದಲ್ಲ. ಗಾಳಿ ಸೋಂಕಿನ ಹಾಗೆ ಕಾಣುತ್ತದೆ.” ನಮಗೆ ಉತ್ತರ ಕೊಡಲು ಆಗಲಿಲ್ಲ. ಗುರುವಾರದ ಬೆಳಗಿನ 5ರಿಂದ ಶುಕ್ರವಾರದ 9.30ರವರೆಗೆ ಎಷ್ಟು ಗಂಟೆಯಾಯಿತೆಂಬ ಲೆಕ್ಕ ಮಾತ್ರ ತಲೆಯಲ್ಲಿ ಓಡುತ್ತಿತ್ತು.

ವೈದ್ಯರು ಮೊದಲು ಕೇಳಿದ್ದೇ ಆ ಪ್ರಶ್ನೆ. “ಕೊನೆಯ ಮಾತ್ರೆ ಯಾವಾಗ?”

ಇದನ್ನು ಬರೆಯಲು ನಾಚಿಕೆಯಾಗುತ್ತದೆ. “ದಿನಾ ಕೊಡುತ್ತಿದ್ದೇವೆ ಸರ್” ಎಂಬ ಮಾತು ನಮ್ಮ ನಾಲಿಗೆಯ ತುದಿಯಿಂದ ಜಾರಿಬಿಟ್ಟಿತು. ಮಂಚದ ಮೇಲಿದ್ದ ಮಗನೇ, “ಇಲ್ಲ, ಎರಡು ಮಾತ್ರೆ ತಪ್ಪಿದೆ” ಎಂದನು.

ವೈದ್ಯರು ಪೆನ್ನನ್ನು ಕೆಳಗಿಟ್ಟರು. ನಿಮ್ಮ ಮಗ ಸತ್ಯ ಹೇಳಿದ್ದರಿಂದ ಬಚಾವಾದನು ಎಂದರು. ಮಾತ್ರೆ ಸರಿಯಾಗಿ ಸೇವಿಸುತ್ತಿರುವಾಗಲೇ ಸೆಳೆತ ಬಂದಿದೆಯೆಂದು ನಂಬಿದ್ದರೆ ಅವರು ಪ್ರಮಾಣವನ್ನು ಹೆಚ್ಚಿಸುತ್ತಿದ್ದರು, ಅಥವಾ ಎರಡನೆಯ ಮದ್ದನ್ನು ಸೇರಿಸುತ್ತಿದ್ದರು. ಅಗತ್ಯವೇ ಇಲ್ಲದ ಮದ್ದನ್ನು, ಅದರ ನಿದ್ದೆ, ಸಿಡುಕು, ಮಂಕುತನಗಳನ್ನು ಆ ಹುಡುಗ ವರ್ಷಗಟ್ಟಲೆ ಹೊರಬೇಕಾಗುತ್ತಿತ್ತು. ಮದ್ದು ಸೋತದ್ದು ಬೇರೆ, ಮದ್ದು ತಪ್ಪಿದ್ದು ಬೇರೆ. ಇವೆರಡನ್ನು ಬೇರ್ಪಡಿಸಲು ವೈದ್ಯರಿಗಿರುವ ಸುಲಭದ ದಾರಿ ನಮ್ಮ ನಾಲಿಗೆಯೊಂದೇ. ತಪ್ಪಿದ ಮಾತ್ರೆಯನ್ನು ಮುಚ್ಚಿಡುವವನು ವೈದ್ಯರನ್ನು ವಂಚಿಸುವುದಿಲ್ಲ, ರೋಗಿಯನ್ನು ವಂಚಿಸುತ್ತಾನೆ.

ಬಳಿಕ ಅವರು ಮದ್ದು ದೇಹದಲ್ಲಿ ಹೇಗೆ ಇಳಿಯುತ್ತದೆಂದು ವಿವರಿಸಿದರು. ತೂತಿರುವ ಕೊಡವನ್ನು ಕಲ್ಪಿಸಿಕೊಳ್ಳಿ ಎಂದರು. ಮಾತ್ರೆ ನುಂಗಿದಾಗ ಕೊಡ ತುಂಬುತ್ತದೆ. ತೂತಿನಿಂದ ನೀರು ಸೋರುತ್ತಲೇ ಇರುತ್ತದೆ. ಲೆವೆಟಿರಾಸೆಟಮ್ ಎಂಬ ಮದ್ದು ಸುಮಾರು 6ರಿಂದ 8 ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಲೆಕ್ಕಕ್ಕೆ 7 ಗಂಟೆ ಎಂದಿಟ್ಟುಕೊಂಡರೆ, 7 ಗಂಟೆಯ ಬಳಿಕ ಅರ್ಧ, 14 ಗಂಟೆಯ ಬಳಿಕ ಕಾಲು, 21 ಗಂಟೆಯ ಬಳಿಕ ಎಂಟರಲ್ಲೊಂದು ಪಾಲು, 28 ಗಂಟೆಯ ಬಳಿಕ ಹದಿನಾರರಲ್ಲೊಂದು ಪಾಲು ಉಳಿಯುತ್ತದೆ. ಗುರುವಾರದ ಸಹ್ರಿಯಿಂದ ಶುಕ್ರವಾರದ ಒಂಬತ್ತೂವರೆಗೆ ಇಪ್ಪತ್ತೆಂಟೂವರೆ ಗಂಟೆ. ಮಗನು ಜಗಲಿಯಲ್ಲಿ ಕುಳಿತಿದ್ದಾಗ ಅವನ ರಕ್ತದಲ್ಲಿದ್ದ ಮದ್ದು ಹೆಚ್ಚುಕಡಿಮೆ ಬರಿದಾಗಿತ್ತು. ಅದರ ಮೇಲೆ ಹನ್ನೆರಡೂವರೆಗೆ ಮಲಗಿ ಐದೂವರೆಗೆ ಎದ್ದ ನಿದ್ದೆಗೇಡು. ಅಪಸ್ಮಾರವಿರುವ ಮೆದುಳಿಗೆ ನಿದ್ದೆ ಕೆಡುವುದೇ ಒಂದು ಪ್ರಚೋದನೆ. ಎರಡೂ ಒಂದೇ ಬೆಳಿಗ್ಗೆ ಸೇರಿದವು.

ಸುಬ್‌ಹ್‌ನ ಬಳಿಕ ಅವನು ಕೇಳಿದಾಗಲೇ ಒಂದು ಮಾತ್ರೆ ಕೊಟ್ಟಿದ್ದರೆ? ನಾವು ಇದನ್ನೂ ಕೇಳಿದೆವು. ಆ ಮದ್ದು ನುಂಗಿದ ಸುಮಾರು ಒಂದು ಗಂಟೆಯೊಳಗೆ ರಕ್ತದಲ್ಲಿ ತನ್ನ ಪೂರ್ಣ ಮಟ್ಟಕ್ಕೆ ಬರುತ್ತದೆಂದು ವೈದ್ಯರು ಹೇಳಿದರು. ಖಂಡಿತ ತಪ್ಪುತ್ತಿತ್ತೆಂದು ಅವರು ಹೇಳಲಿಲ್ಲ, ಬಹುಶಃ ತಪ್ಪುತ್ತಿತ್ತು ಎಂದರು. ಆ ‘ಬಹುಶಃ’ ಇಂದಿಗೂ ನಮ್ಮ ಜೊತೆ ಇದೆ.

ಆ ದಿನ ಅವರು ಚೀಟಿಯ ಹಿಂಬದಿಯಲ್ಲಿ ಮಾತ್ರೆ ತಪ್ಪಿದಾಗ ಏನು ಮಾಡಬೇಕೆಂದು ಬರೆದುಕೊಟ್ಟರು. ಅದು ನಮ್ಮ ಮಗನ ಮದ್ದಿಗೆ, ದಿನಕ್ಕೆ ಎರಡು ಸಲ ಸೇವಿಸುವ ಲೆವೆಟಿರಾಸೆಟಮ್‌ಗೆ ಬರೆದದ್ದು. ಇತರ ಮದ್ದುಗಳಿಗೆ ಗಂಟೆಗಳ ಲೆಕ್ಕ ಬೇರೆಯಾಗಬಹುದು. ಆದುದರಿಂದ ಪ್ರತಿಯೊಬ್ಬರೂ ತಮ್ಮ ವೈದ್ಯರಿಂದ ಇಂತಹದೇ ಒಂದು ಚೀಟಿಯನ್ನು ಮೊದಲೇ ಬರೆಸಿಕೊಂಡಿರಬೇಕು. ಮಾತ್ರೆ ತಪ್ಪಿದ ರಾತ್ರಿ ಹನ್ನೊಂದು ಗಂಟೆಗೆ ವೈದ್ಯರು ಫೋನಿಗೆ ಸಿಗುವುದಿಲ್ಲ.

ಮೊದಲನೆಯದು: ನೆನಪಾದ ಕೂಡಲೇ ಗಡಿಯಾರ ನೋಡಬೇಕು. ಮುಂದಿನ ಮಾತ್ರೆಗೆ ನಾಲ್ಕು ಗಂಟೆಗಿಂತ ಹೆಚ್ಚು ಸಮಯವಿದ್ದರೆ ತಪ್ಪಿದ ಮಾತ್ರೆಯನ್ನು ಆಗಲೇ ನುಂಗಬೇಕು. ಮುಂದಿನದನ್ನು ಎಂದಿನ ಸಮಯಕ್ಕೇ ತೆಗೆದುಕೊಳ್ಳಬೇಕು. ಉದಾಹರಣೆಗೆ ಸಂಜೆ 7ರ ಮಾತ್ರೆ ರಾತ್ರಿ 10ಕ್ಕೆ ನೆನಪಾಯಿತೆಂದಿಟ್ಟುಕೊಳ್ಳಿ. ಬೆಳಗಿನ 7ಕ್ಕೆ ಇನ್ನೂ ಒಂಬತ್ತು ಗಂಟೆಯಿದೆ. ಆಗಲೇ ನುಂಗಿ ಮಲಗುವುದು, ಬೆಳಿಗ್ಗೆ 7ಕ್ಕೆ ಮತ್ತೊಂದು. ರಾತ್ರಿಯದು ತಡವಾಯಿತೆಂದು ಬೆಳಗಿನದನ್ನು 10ಕ್ಕೆ ತಳ್ಳಬಾರದು. ಹಾಗೆ ತಳ್ಳುತ್ತಾ ಹೋದರೆ ಸಮಯವೆಂಬುದೇ ಉಳಿಯುವುದಿಲ್ಲ.

ಎರಡನೆಯದು: ನಾಲ್ಕು ಗಂಟೆಗಿಂತ ಕಡಿಮೆ ಇದ್ದರೆ ತಪ್ಪಿದ್ದನ್ನು ಬಿಟ್ಟುಬಿಡಬೇಕು. ನಸುಕಿನ 4ಕ್ಕೆ ಎಚ್ಚರವಾಗಿ ನಿನ್ನೆಯ ಮಾತ್ರೆ ನೆನಪಾದರೆ, 7ರವರೆಗೆ ಕಾದು ಒಂದೇ ಒಂದು ಮಾತ್ರೆ ತೆಗೆದುಕೊಳ್ಳುವುದು. ಆ ಮೂರು ಗಂಟೆ ಅವನನ್ನು ಒಬ್ಬನೇ ಬಿಡದಿರುವುದು.

ಮೂರನೆಯದು: ಯಾವ ಕಾರಣಕ್ಕೂ ತಪ್ಪಿದ್ದನ್ನೂ ಸರದಿಯದ್ದನ್ನೂ ಸೇರಿಸಿ ಎರಡು ಮಾತ್ರೆ ಒಟ್ಟಿಗೆ ನುಂಗಬಾರದು. ನಮಾಝ್ ತಪ್ಪಿದರೆ ಕಝಾ ಮಾಡಿ ತೀರಿಸುವ ಅಭ್ಯಾಸ ನಮ್ಮದು. ಮಾತ್ರೆಯನ್ನೂ ಹಾಗೆಯೇ ತೀರಿಸಬೇಕೆಂದು ಅನೇಕರು ತಿಳಿಯುತ್ತಾರೆ. ಮಾತ್ರೆಗೆ ಕಝಾ ಇಲ್ಲ.

ನಾಲ್ಕನೆಯದು: ಎರಡು ಅಥವಾ ಹೆಚ್ಚು ಸರದಿಗಳು ಸಾಲಾಗಿ ತಪ್ಪಿದ್ದರೆ, ಒಂದು ಮಾತ್ರೆಯನ್ನು ಕೂಡಲೇ ಕೊಟ್ಟು ವೈದ್ಯರಿಗೆ ತಿಳಿಸಬೇಕು. ನಂತರದ ಒಂದು ದಿನ ಪೂರ್ತಿ ಎಚ್ಚರದಿಂದಿರಬೇಕು. ಬಾವಿಕಟ್ಟೆ, ಕೆರೆ, ಸಮುದ್ರ ಬೇಡ. ಬೈಕು, ಸೈಕಲ್ ಬೇಡ. ಒಲೆಯ ಮುಂದೆ ಒಬ್ಬರೇ ನಿಲ್ಲುವುದು ಬೇಡ. ಸ್ನಾನದ ಕೋಣೆಯ ಚಿಲಕ ಹಾಕುವುದು ಬೇಡ. ಆ ರಾತ್ರಿ ಹೊಟ್ಟೆ ತುಂಬ ನಿದ್ದೆ ಮಾಡಬೇಕು.

ಐದನೆಯದು ಸೆಳೆತ ಬಂದೇಬಿಟ್ಟರೆ ಏನೆಂಬುದು. ಸೆಳೆತ ನಡೆಯುತ್ತಿರುವಾಗ ಮತ್ತು ಮಂಪರು ಇರುವಾಗ ಬಾಯಿಗೆ ಏನನ್ನೂ ಹಾಕಬಾರದು, ಝಂಝಮ್ ನೀರನ್ನು ಕೂಡ. ಪೂರ್ಣ ಎಚ್ಚರವಾಗಿ, ಹೆಸರು ಕೇಳಿದರೆ ಹೇಳಿ, ಒಂದು ಗುಟುಕು ನೀರನ್ನು ತಾನೇ ಸರಿಯಾಗಿ ಕುಡಿದ ಬಳಿಕವೇ ಮಾತ್ರೆ. ನೀರಿನಲ್ಲಿ ಸೆಳೆತ ಬಂದಿದ್ದರೆ, ಉಸಿರಾಟ ಸರಿಯಿಲ್ಲದಿದ್ದರೆ, ತಲೆಗೆ ಜೋರಾಗಿ ಪೆಟ್ಟಾಗಿದ್ದರೆ ಐದು ನಿಮಿಷ ಕಾಯದೆ ಆಸ್ಪತ್ರೆಗೆ ಸಾಗಿಸಬೇಕು. ಐದು ನಿಮಿಷ ದಾಟುವ ಸೆಳೆತಕ್ಕೆ ಮೂಗಿನೊಳಗೆ ಸಿಂಪಡಿಸುವ ಮಿಡಾಝೋಲಮ್ ಎಂಬ ಸ್ಪ್ರೇಯನ್ನು ವೈದ್ಯರು ನಮ್ಮ ಮನೆಗೆ ಬರೆದುಕೊಟ್ಟಿದ್ದಾರೆ. ಅದನ್ನು ಬಳಸುವ ವಿಧಾನವನ್ನು ಅವರ ಮುಂದೆಯೇ ಕಲಿತೆವು.

ಮಾತ್ರೆ ನುಂಗಿ ವಾಂತಿಯಾದರೆ? ಅರ್ಧ ಗಂಟೆಯೊಳಗೆ ವಾಂತಿಯಾದರೆ ಅದೇ ಪ್ರಮಾಣವನ್ನು ಮತ್ತೊಮ್ಮೆ ಕೊಡಿ, ಅರ್ಧ ಗಂಟೆ ಕಳೆದಿದ್ದರೆ ಕೊಡಬೇಡಿ, ಮುಂದಿನ ಸರದಿಗೆ ಕಾಯಿರಿ ಎಂದು ನಮಗೆ ಹೇಳಿದರು. ಪದೇ ಪದೇ ವಾಂತಿಯಾಗಿ ಯಾವ ಮಾತ್ರೆಯೂ ನಿಲ್ಲದಿದ್ದರೆ ಅದು ಮಾತ್ರೆ ತಪ್ಪಿದಂತೆಯೇ. ಆಗ ಆಸ್ಪತ್ರೆಯಲ್ಲಿ ಚುಚ್ಚುಮದ್ದಿನ ಮೂಲಕ ಕೊಡಬೇಕಾಗಬಹುದು.

ಎರಡು ಮಾತ್ರೆ ಒಟ್ಟಿಗೆ ನುಂಗಬಾರದೆಂಬುದು ಏಕೆ ಇಷ್ಟು ಮುಖ್ಯವೆಂಬುದನ್ನು ನಾವು ನಮ್ಮ ಜಮಾಅತಿನ ಹಿರಿಯರೊಬ್ಬರಿಂದ ತಿಳಿದೆವು. ಅವರು ಫೆನಿಟಾಯಿನ್ ಎಂಬ ಹಳೆಯ ಮಾತ್ರೆಯನ್ನು ಪ್ರತಿ ರಾತ್ರಿ 300 ಮಿಲಿಗ್ರಾಮಿನಂತೆ ಸೇವಿಸುತ್ತಿದ್ದರು. ಮದುವೆಯ ಗದ್ದಲದಲ್ಲಿ ಎರಡು ರಾತ್ರಿ ಮರೆತು, ಮೂರನೆಯ ರಾತ್ರಿ ಮೂರು ದಿನದ್ದನ್ನೂ ಒಟ್ಟಿಗೆ ನುಂಗಿದರು. ಮರುದಿನ ಮಸೀದಿಯ ಅಂಗಳದಲ್ಲಿ ನೇರವಾಗಿ ನಡೆಯಲಾರದೆ ತೂರಾಡಿದರು. ಮಾತು ತೊದಲುತ್ತಿತ್ತು, ಒಂದು ವಸ್ತು ಎರಡಾಗಿ ಕಾಣುತ್ತಿತ್ತು. ಜೀವಮಾನದಲ್ಲಿ ಹೆಂಡದ ವಾಸನೆಯನ್ನೂ ತಿಳಿಯದ ಆ ಮನುಷ್ಯನನ್ನು ನೋಡಿ ಕೆಲವರು ಏನೇನೋ ಆಡಿಕೊಂಡರು. ಫೆನಿಟಾಯಿನ್‌ನ ಸ್ವಭಾವವೇ ಹಾಗೆ. ಅದನ್ನು ಕರಗಿಸುವ ಯಕೃತ್ತಿನ ಶಕ್ತಿಗೆ ಒಂದು ಮಿತಿಯಿದೆ. ಆ ಮಿತಿ ದಾಟಿದರೆ ಪ್ರಮಾಣ ಸ್ವಲ್ಪ ಹೆಚ್ಚಿದರೂ ರಕ್ತದ ಮಟ್ಟ ಬಹಳ ಏರುತ್ತದೆ, ಇಳಿಯಲು ದಿನಗಳೇ ಬೇಕು.

ಹೀಗೆ ಒಂದೊಂದು ಮದ್ದಿನ ನಡೆ ಒಂದೊಂದು ತರಹ. ಫಿನೋಬಾರ್ಬಿಟೋನ್ ಎಂಬುದು ದೇಹದಿಂದ ಬಹಳ ನಿಧಾನವಾಗಿ ಇಳಿಯುತ್ತದೆ. ಅರ್ಧವಾಗಲು ಮೂರು ನಾಲ್ಕು ದಿನಗಳೇ ಹಿಡಿಯುತ್ತವೆ. ಅದನ್ನು ಸೇವಿಸುವವರಿಗೆ ಒಂದು ದಿನ ತಪ್ಪಿದರೆ ಕೂಡಲೇ ಏನೂ ತಿಳಿಯದಿರಬಹುದು. ಅದರಿಂದ ಧೈರ್ಯ ತಂದುಕೊಂಡು ಮಾತ್ರೆಯನ್ನೇ ನಿಲ್ಲಿಸಿದರೆ, ದಿನಗಳ ಬಳಿಕ ನಿಲ್ಲದ ಸೆಳೆತ ಬಂದು ಪ್ರಾಣಕ್ಕೆ ಕುತ್ತಾಗಬಹುದು. ಲ್ಯಾಮೊಟ್ರಿಜಿನ್ ಎಂಬ ಮಾತ್ರೆಯಲ್ಲಿ ಇನ್ನೊಂದು ಅಪಾಯವಿದೆ. ಅದನ್ನು ಹಲವು ದಿನ ಬಿಟ್ಟು, ನಂತರ ಹಳೆಯ ಪೂರ್ಣ ಪ್ರಮಾಣದಿಂದಲೇ ಮತ್ತೆ ಶುರು ಮಾಡಿದರೆ ಚರ್ಮದ ಮೇಲೆ ಗಂಭೀರವಾದ ದದ್ದು ಏಳಬಹುದು. ಅದನ್ನು ವೈದ್ಯರ ಸಲಹೆಯಂತೆ ಸಣ್ಣ ಪ್ರಮಾಣದಿಂದ ಪುನಃ ಏರಿಸುತ್ತಾ ಹೋಗಬೇಕಾಗುತ್ತದೆ. ಆದುದರಿಂದ ಒಂದು ಸರದಿ ತಪ್ಪಿದರೆ ಚೀಟಿ ನೋಡಿ ಮುಂದುವರಿಯಬಹುದು, ಹಲವು ದಿನ ತಪ್ಪಿದರೆ ಯಾವ ಮದ್ದಾದರೂ ಕೇಳದೆ ಮರಳಿ ಆರಂಭಿಸಬಾರದು.

ಈಗ ಉಪವಾಸದ ವಿಷಯಕ್ಕೆ ಬರೋಣ. ಹಗಲಿನಲ್ಲಿ ಮಾತ್ರೆ ನುಂಗಿದರೆ ಉಪವಾಸ ಮುರಿಯುತ್ತದೆ, ಅದರಲ್ಲಿ ಸಂದೇಹವಿಲ್ಲ. ಆದರೆ ಮಗನು ಆ ಮುಂಜಾನೆ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿಗೆ ಮುಗಿಯುವುದಿಲ್ಲ. ರೋಗಿಗೆ ಉಪವಾಸ ಬಿಟ್ಟು ಬೇರೆ ದಿನಗಳಲ್ಲಿ ತೀರಿಸುವ ರಿಯಾಯಿತಿಯನ್ನು ಕುರ್‌ಆನ್ ಸೂರಃ ಅಲ್ ಬಕರದಲ್ಲಿ ಉಪವಾಸವನ್ನು ಕಡ್ಡಾಯಗೊಳಿಸುವ ಸ್ಥಳದಲ್ಲಿಯೇ ನೀಡಿದೆ. ಕಡ್ಡಾಯ ಮತ್ತು ರಿಯಾಯಿತಿ ಎರಡೂ ಜೊತೆಜೊತೆಯಾಗಿಯೇ ಬಂದಿವೆ. “ಮುರಿಯುತ್ತದೆ ಮಗಾ, ಆದರೂ ಈಗಲೇ ನುಂಗು, ಉಪವಾಸವನ್ನು ಮತ್ತೆ ತೀರಿಸೋಣ” ಎಂಬುದೇ ನಾವು ಕೊಡಬೇಕಾಗಿದ್ದ ಉತ್ತರ. ಅರ್ಧ ಉತ್ತರ ಕೊಟ್ಟೆವು. ಗೊತ್ತಿಲ್ಲದವನು ಹೇಳಿದ್ದರೆ ಹುಡುಗ ಇನ್ನೊಬ್ಬರನ್ನು ಕೇಳುತ್ತಿದ್ದನೇನೋ. ಉಸ್ತಾದನಾದ ತಂದೆ ಹೇಳಿದ್ದರಿಂದ ಸುಮ್ಮನಾದನು.

ಕೆಲವರು ಈ ರೋಗದ ಬಗ್ಗೆ ಹದೀಸ್‌ನಲ್ಲಿ ಬರುವ ಆ ಮಹಿಳೆಯನ್ನು ನೆನಪಿಸುತ್ತಾರೆ. ಮೂರ್ಛೆಯ ಕಾಯಿಲೆಯಿದ್ದ ಆಕೆ ಪ್ರವಾದಿಯವರ(ಸ) ಬಳಿ ಪ್ರಾರ್ಥನೆ ಕೋರಿ ಬಂದಾಗ, ಸಹಿಸಿದರೆ ಸ್ವರ್ಗವಿದೆ, ಬೇಕೆಂದರೆ ಗುಣಕ್ಕಾಗಿ ಪ್ರಾರ್ಥಿಸುತ್ತೇನೆ ಎಂಬ ಆಯ್ಕೆ ಆಕೆಗೆ ದೊರೆಯಿತು. ಆಕೆ ಸಹನೆಯನ್ನು ಆರಿಸಿ, ಸೆಳೆತದ ವೇಳೆ ತನ್ನ ಮೈ ತೆರೆದುಕೊಳ್ಳದಿರಲೆಂದು ಮಾತ್ರ ಪ್ರಾರ್ಥನೆ ಬಯಸಿದಳು. ಈ ಘಟನೆಯನ್ನು ಮಾತ್ರೆ ಬಿಡಲು ಪುರಾವೆಯಾಗಿ ಬಳಸುವುದನ್ನು ನಾವು ಕೇಳಿದ್ದೇವೆ. ಅದು ಸರಿಯಲ್ಲ. ಆಕೆ ತನ್ನ ವಿಷಯದಲ್ಲಿ ತಾನೇ ಆರಿಸಿಕೊಂಡಳು. ಇನ್ನೊಬ್ಬರ ಮಗುವಿನ ಮಾತ್ರೆಯನ್ನು ಆಕೆ ನಿಲ್ಲಿಸಲಿಲ್ಲ. ಚಿಕಿತ್ಸೆ ಪಡೆಯಿರೆಂದು ಕಲಿಸಿದವರೂ ಅದೇ ಪ್ರವಾದಿಯವರು(ಸ). ಆ ಘಟನೆಯಲ್ಲಿ ನಮ್ಮ ಮನಸ್ಸನ್ನು ತಟ್ಟುವ ಸಂಗತಿ ಬೇರೆ: ಆಕೆಯ ಕಾಯಿಲೆಯನ್ನು ಅಲ್ಲಿ ಯಾರೂ ಅವಮಾನವೆಂದು ಮುಚ್ಚಿಡಲಿಲ್ಲ.

ಮುಂದಿನ ರಮಝಾನಿಗೆ ಏನು ಮಾಡಬೇಕೆಂದು ವೈದ್ಯರನ್ನು ಕೇಳಿದೆವು. ರಮಝಾನಿಗೆ ಎರಡು ತಿಂಗಳ ಮೊದಲೇ ಬನ್ನಿ ಎಂದರು. ನಾವು ರಜಬ್ ತಿಂಗಳೆಂದು ಗುರುತು ಹಾಕಿಕೊಂಡೆವು. ಕೆಲವರಿಗೆ ದಿನಕ್ಕೊಂದೇ ಸಲ ಸೇವಿಸುವ, ನಿಧಾನವಾಗಿ ಕರಗುವ ಮಾತ್ರೆಗೆ ಬದಲಾಯಿಸಿ ನೋಡಲು ಸಾಧ್ಯವಿದೆ. ಆದರೆ ಅದನ್ನು ಮೊದಲೇ ಬದಲಾಯಿಸಿ, ಸೆಳೆತ ಬಾರದೆಂದು ಖಾತ್ರಿಪಡಿಸಿಕೊಳ್ಳಬೇಕು. ದಿನಕ್ಕೊಂದೇ ಮಾತ್ರೆಯಾದಾಗ ತಪ್ಪಿದ ಒಂದು ಮಾತ್ರೆಯೆಂದರೆ ಇಡೀ ದಿನದ ಮದ್ದು ಎಂಬುದನ್ನೂ ನೆನಪಿಡಬೇಕು. ಅಂತಹ ಮಾತ್ರೆಯನ್ನು ಮುರಿದು, ಪುಡಿ ಮಾಡಿ, ಜಗಿದು ತಿನ್ನುವಂತಿಲ್ಲ. ನಮ್ಮ ಮಗನ ವಿಷಯದಲ್ಲಿ, ಈಗಷ್ಟೇ ಸೆಳೆತ ಬಂದಿರುವುದರಿಂದ ಸದ್ಯಕ್ಕೆ ಉಪವಾಸ ಬೇಡ, ಇರುವ ಮಾತ್ರೆಯೇ ಇರಲಿ ಎಂದು ತೀರ್ಮಾನಿಸಿದರು. ಮಾತ್ರೆ ನಿಲ್ಲಿಸುವ ಲೆಕ್ಕವೂ ಮೊದಲಿನಿಂದ ಶುರುವಾಯಿತು. ಎರಡೂವರೆ ವರ್ಷದ ಸೆಳೆತವಿಲ್ಲದ ದಿನಗಳು ಅಳಿಸಿಹೋಗಿ ಆ ಶುಕ್ರವಾರವೇ ಮೊದಲ ದಿನವಾಯಿತು. ಮುಂದೆ ಮಾತ್ರೆ ನಿಲ್ಲುವ ಆಸೆಯಿರುವುದರಿಂದ ಅವನ ಉಪವಾಸಗಳನ್ನು ಕಝಾ ಲೆಕ್ಕದಲ್ಲಿಯೇ ಬರೆದಿಟ್ಟಿದ್ದೇವೆ.

ಅಂದಿನಿಂದ ಮನೆಯ ವ್ಯವಸ್ಥೆ ಬದಲಾಯಿತು. ಹದಿನಾಲ್ಕು ಖಾನೆಗಳ ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು ತಂದೆವು. ವಾರದ ಏಳು ದಿನ, ದಿನಕ್ಕೆ ಎರಡು ಖಾನೆ. ಪ್ರತಿ ಶುಕ್ರವಾರ ಜುಮುಅ ಮುಗಿಸಿ ಬಂದು ಮಗನೇ ಅದನ್ನು ತುಂಬುತ್ತಾನೆ. ಇದರ ದೊಡ್ಡ ಉಪಕಾರವೇನೆಂದರೆ, ತೆಗೆದುಕೊಂಡೆನೋ ಇಲ್ಲವೋ ಎಂಬ ಸಂಶಯ ಬಂದಾಗ ಖಾನೆಯೇ ಉತ್ತರ ಕೊಡುತ್ತದೆ. ಸಂಶಯದಲ್ಲಿ ಇನ್ನೊಂದನ್ನು ನುಂಗುವ, ಇಲ್ಲವೇ ನುಂಗದೆ ಬಿಡುವ ಎರಡೂ ತಪ್ಪುಗಳು ತಪ್ಪಿದವು. ಫೋನಿನಲ್ಲಿ ಎರಡೂ 7 ಗಂಟೆಗೆ ಅಲಾರಾಂ ಇದೆ. ಮಾತ್ರೆ ಬಾಯಿಗೆ ಹೋಗುವವರೆಗೆ ಅದನ್ನು ಆರಿಸಬಾರದೆಂಬುದು ನಿಯಮ. ಅಲಾರಾಂ ಆರಿಸಿ ‘ಈಗ ತೆಗೆದುಕೊಳ್ಳುತ್ತೇನೆ’ ಎನ್ನುವಲ್ಲಿಯೇ ಹೆಚ್ಚಿನ ಮಾತ್ರೆಗಳು ತಪ್ಪುತ್ತವೆ.

ನಮಾಝಿನ ಹೊತ್ತಿಗೆ ಮಾತ್ರೆಯನ್ನು ಕಟ್ಟಿಕೊಳ್ಳಬಹುದೇ ಎಂದು ಕೆಲವರು ಕೇಳಿದ್ದಾರೆ. ನೆನಪಿಗೆ ಅದು ಒಳ್ಳೆಯದು, ಸಮಯಕ್ಕೆ ಗಡಿಯಾರವೇ ಇರಲಿ. ನಮ್ಮ ಕರಾವಳಿಯಲ್ಲಿಯೇ ಮಗ್ರಿಬ್ ಚಳಿಗಾಲಕ್ಕೂ ಮಳೆಗಾಲಕ್ಕೂ ಸುಮಾರು ಒಂದು ಗಂಟೆ ಸರಿಯುತ್ತದೆ. ಯುರೋಪಿನ ದೇಶಗಳಲ್ಲಿರುವ ನಮ್ಮವರಿಗೆ ಅದು ಹಲವು ಗಂಟೆಗಳಷ್ಟು ಸರಿಯುತ್ತದೆ.

ಇನ್ನೊಂದು ಚಿಕ್ಕ ಡಬ್ಬಿಯಲ್ಲಿ ಎರಡು ಮಾತ್ರೆಗಳು ಅವನ ಜೇಬಿನಲ್ಲಿ ಸದಾ ಇರುತ್ತವೆ. ಅಕ್ಕನ ಮನೆಯ ಇಫ್ತಾರಿನಂದು ಅದೊಂದು ಡಬ್ಬಿ ಇದ್ದಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. ಸ್ಟ್ರಿಪ್‌ನಲ್ಲಿ ಹತ್ತು ದಿನದ ಮಾತ್ರೆ ಉಳಿದಿರುವಾಗಲೇ ಹೊಸದನ್ನು ತರುತ್ತೇವೆ. ಪೆರ್ನಾಳಿನ ರಜೆಯಲ್ಲಿ, ಮಳೆಗೆ ರಸ್ತೆ ಮುಚ್ಚಿದಾಗ ಮೆಡಿಕಲ್ ಅಂಗಡಿ ನಮಗಾಗಿ ತೆರೆದಿರುವುದಿಲ್ಲ. ಮಾತ್ರೆ ತೆಗೆದುಕೊಳ್ಳುವ ಹೊಣೆ ಮಗನದು, ರಾತ್ರಿ ಇಶಾದ ಬಳಿಕ ಖಾನೆ ನೋಡುವ ಹೊಣೆ ಅವನ ಉಮ್ಮನದು. ಇಬ್ಬರೂ ನೋಡಿಕೊಳ್ಳುತ್ತಾರೆಂದು ಬಿಟ್ಟಾಗ ಯಾರೂ ನೋಡಿಕೊಳ್ಳುವುದಿಲ್ಲವೆಂಬುದು ಆ ಗುರುವಾರ ನಮಗೆ ತಿಳಿದಿದೆ. ತಪ್ಪಿದ ಸರದಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಗುರುತಿಸುತ್ತೇವೆ. ಬಯ್ಯುವುದಿಲ್ಲ. ಬೈದರೆ ಅವನು ಮುಂದಿನ ಸಲ ಮುಚ್ಚಿಡುತ್ತಾನೆ. ವೈದ್ಯರ ಬಳಿಗೆ ಹೋಗುವಾಗ ಆ ಕ್ಯಾಲೆಂಡರಿನ ಹಾಳೆಗಳನ್ನೇ ಒಯ್ಯುತ್ತೇವೆ.

ಈ ವರ್ಷದ ರಮಝಾನಿನಲ್ಲಿ ಅವನು ಉಪವಾಸ ಹಿಡಿಯಲಿಲ್ಲ. ಮೊದಲ ಎರಡು ದಿನ ಬೆಳಿಗ್ಗೆ 7ಕ್ಕೆ ಅಲಾರಾಂ ಹೊಡೆದಾಗ ತಮ್ಮ ತಂಗಿಯರಿಗೆ ಕಾಣದಂತೆ ಅಡುಗೆಮನೆಯ ಮೂಲೆಯಲ್ಲಿ ನಿಂತು ನೀರು ಕುಡಿಯುತ್ತಿದ್ದನು. ಮೂರನೆಯ ದಿನ ನಾವೇ ಲೋಟದಲ್ಲಿ ನೀರು ತುಂಬಿ ತಂದು ಜಗಲಿಯಲ್ಲಿ ಅವನ ಮುಂದಿಟ್ಟು ಪಕ್ಕದಲ್ಲಿ ಕುಳಿತೆವು. ನಮಗೆ ಉಪವಾಸವಿತ್ತು. ಅವನು ಬಿಸ್ಮಿಲ್ಲಾಹ್ ಹೇಳಿ ಮಾತ್ರೆ ನುಂಗಿದನು. ಆ ತಿಂಗಳು ಪೂರ್ತಿ ಹಾಗೆಯೇ ಕುಳಿತೆವು. ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಒಂದೂ ಬೀಳಲಿಲ್ಲ.

ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ನೀಡಲಿ. ನಮ್ಮ ಅರ್ಧ ಉತ್ತರಗಳನ್ನು ಕ್ಷಮಿಸಲಿ. ಆಮೀನ್.